ಒಂದೇ ಲೋಗೊ, ಹಲವು ಬಣ್ಣ

ಹಸಿರು ಎಲೆ, ಕಂದು ಅಕ್ಷರಗಳ ಕಾಫಿಪುಡಿ ಲೋಗೊ. ಇನ್ನೊಂದು ಪೊಟ್ಟಣಕ್ಕೆ ಎಲೆ ಕೆಂಪಾಗಬೇಕು. ಇಲಸ್ಟ್ರೇಟರ್‌ನಲ್ಲಿ ಒಂದೊಂದೇ ಆಕಾರ ಹಿಡಿದು ಬಣ್ಣ ಬದಲಿಸುವುದು ವ್ಯರ್ಥ ಶ್ರಮ, ಒಂದೆರಡು ಕಣ್ತಪ್ಪಿಯೇ ತಪ್ಪುತ್ತವೆ. ಇಡೀ ಲೋಗೊ ಆಯ್ದು, Swatches ಪ್ಯಾನೆಲ್‌ನ ಮೆನುವಿನಲ್ಲಿ Add Selected Colors ಒತ್ತಿ. ಬಳಸಿದ ಬಣ್ಣಗಳು ಗ್ಲೋಬಲ್ ಸ್ವಾಚ್‌ಗಳಾಗುತ್ತವೆ. ಮೂಲೆಯ ಪುಟ್ಟ ಬಿಳಿ ತ್ರಿಕೋನವೇ ಅದರ ಗುರುತು.

ಈಗ ಆಯ್ಕೆ ಬಿಡಿಸಿ, ಹಸಿರು ಸ್ವಾಚ್ ಮೇಲೆ ಎರಡು ಸಲ ಕ್ಲಿಕ್ಕಿಸಿ ಕೆಂಪಿನ ಅಂಕಿಗಳನ್ನು ಕೊಡಿ. ಎಲೆಗಳೆಲ್ಲ ಒಟ್ಟಿಗೆ ಕೆಂಪಾಗುತ್ತವೆ. ಎಲೆಯ ನರಗಳಿಗೆ ಅದೇ ಸ್ವಾಚ್‌ನ ಶೇ. 40ರ ಛಾಯೆ ಕೊಟ್ಟಿದ್ದರೆ ಅವೂ ತಿಳಿಗೆಂಪಾಗುತ್ತವೆ.

ಆದರೆ ಅದೇ ಫೈಲಿನಲ್ಲಿ ಪಕ್ಕಕ್ಕಿಟ್ಟ ಹಸಿರು ಪ್ರತಿಯೂ ಕೆಂಪಾಗಿಬಿಡುತ್ತದೆ. ಹಾಗಾಗಿ ಸ್ವಾಚ್ ಮುಟ್ಟುವ ಮೊದಲೇ ಪ್ರತಿ ರೂಪಕ್ಕೂ ಬೇರೆ ಹೆಸರಿನಲ್ಲಿ ಫೈಲ್ ಉಳಿಸಿಕೊಳ್ಳಿ.