ಕಟ್ಟುವ ದಿನವೇ ಕೆಡವುವ ಲೆಕ್ಕ

ಅಮೆರಿಕದ ಮೇಯ್ನ್ ರಾಜ್ಯದ ವಿಸ್ಕ್ಯಾಸೆಟ್ ಎಂಬ ಸಣ್ಣ ಊರಿನಲ್ಲಿ ಮೇಯ್ನ್ ಯಾಂಕೀ ಎಂಬ ಅಣು ವಿದ್ಯುತ್ ಸ್ಥಾವರವಿತ್ತು. 1972ರಲ್ಲಿ ವಿದ್ಯುತ್ ಕೊಡಲು ಶುರು ಮಾಡಿದ ಅದನ್ನು 1997ರಲ್ಲಿ ಶಾಶ್ವತವಾಗಿ ಮುಚ್ಚಿದರು. ಕೆಡವಿ, ವಿಕಿರಣದ ಮಣ್ಣು ಕಾಂಕ್ರೀಟನ್ನೆಲ್ಲ ಸಾಗಿಸಿ, ಜಾಗ ಸಪಾಟು ಮಾಡಿ ಮುಗಿಸುವಾಗ 2005 ಆಗಿತ್ತು. ಕಟ್ಟಲು ಸುಮಾರು 23 ಕೋಟಿ ಡಾಲರ್ ಹಿಡಿದಿದ್ದ ಸ್ಥಾವರವನ್ನು ಬಿಚ್ಚಲು ಸುಮಾರು 50 ಕೋಟಿ ಡಾಲರ್ ಬೇಕಾಯಿತು. ಬಳಸಿ ಮುಗಿದ ಇಂಧನ ಈಗಲೂ ಅಲ್ಲೇ ಉಕ್ಕು-ಕಾಂಕ್ರೀಟಿನ ಪೀಪಾಯಿಗಳಲ್ಲಿ ಕಾವಲಿನಲ್ಲಿದೆ.

ಇಂಥ ಖರ್ಚನ್ನು ಕಂಪನಿಯ ಲೆಕ್ಕಪುಸ್ತಕದಲ್ಲಿ ಯಾವ ವರ್ಷ ಬರೆಯಬೇಕು? ಕೆಡವುವ ವರ್ಷ ಎಂದರೆ ಅಷ್ಟು ಹೊತ್ತಿಗೆ ಸ್ಥಾವರದಿಂದ ಒಂದು ಯೂನಿಟ್ ಕರೆಂಟೂ ಬರುತ್ತಿರುವುದಿಲ್ಲ. ಇಪ್ಪತ್ತೈದು ವರ್ಷ ಲಾಭ ತೋರಿಸಿ, ಕೊನೆಗೆ ಎರಡು ಪಟ್ಟು ಬಂಡವಾಳವನ್ನು ನಷ್ಟವೆಂದು ಬರೆದರೆ ಆ ಇಪ್ಪತ್ತೈದು ವರ್ಷದ ಲಾಭ ನಿಜವೇ ಎಂಬ ಪ್ರಶ್ನೆ ಏಳುತ್ತದೆ. ಹಿಂದೆ ಅಮೆರಿಕದ ವಿದ್ಯುತ್ ಕಂಪನಿಗಳು ಈ ಖರ್ಚನ್ನು ವರ್ಷಕ್ಕಿಷ್ಟು ಎಂದು ಸವಕಳಿಯ ಜೊತೆ ಸೇರಿಸಿ ಬರೆಯುತ್ತಿದ್ದವು. ಇದರಿಂದ ಆಸ್ತಿಯ ಬೆಲೆ ಕಡಿಮೆಯಾಗಿ ಕಾಣುತ್ತಿತ್ತೇ ಹೊರತು ಮುಂದೆ ತೀರಿಸಬೇಕಾದ ಒಂದು ದೊಡ್ಡ ಹೊಣೆ ಇದೆ ಎಂಬುದು ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. 1994ರಲ್ಲಿ ವಿದ್ಯುತ್ ಕಂಪನಿಗಳ ಒಕ್ಕೂಟವೇ ಈ ಗೊಂದಲ ಬಗೆಹರಿಸಿಕೊಡಿ ಎಂದು ಲೆಕ್ಕಪತ್ರ ಮಾನದಂಡ ಮಂಡಳಿಯ ಬಾಗಿಲು ತಟ್ಟಿತು. ಏಳು ವರ್ಷಗಳ ಚರ್ಚೆಯ ನಂತರ 2001ರ ಜೂನ್‌ನಲ್ಲಿ 143ನೇ ಮಾನದಂಡ ಬಂತು. ಅದರ ವಿಷಯವೇ 'ಅಸೆಟ್ ರಿಟೈರ್‌ಮೆಂಟ್ ಆಬ್ಲಿಗೇಷನ್', ಅಂದರೆ ಆಸ್ತಿಯನ್ನು ಕೊನೆಗೊಮ್ಮೆ ಕಳಚಿ ಜಾಗವನ್ನು ಸರಿಪಡಿಸಿ ಕೊಡುವ ಹೊಣೆ. ಭಾರತದಲ್ಲಿ ಇದೇ ಕೆಲಸವನ್ನು ಇಂಡ್ ಎಎಸ್ 16 ಮತ್ತು 37 ಮಾಡುತ್ತವೆ.

ಅಣು ಸ್ಥಾವರ ಬಹಳ ದೂರದ ಮಾತಾಯಿತು. ನಮ್ಮ ಊರುಗಳಲ್ಲಿ ಮನೆಯ ತಾರಸಿ ಮೇಲೆ ನಿಂತಿರುವ ಮೊಬೈಲ್ ಟವರಿಗೂ ಇದೇ ಲೆಕ್ಕ. ಟವರ್ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಈ ಹೆಸರಿನ ಸಾಲು ಪ್ರತಿ ವರ್ಷ ಇರುತ್ತದೆ. ಅವಧಿ ಮುಗಿದಾಗ ಟವರ್ ತೆಗೆದು ತಾರಸಿಯನ್ನು ಮೊದಲಿದ್ದಂತೆ ಮಾಡಿಕೊಡಬೇಕು ಎಂದು ಮನೆ ಮಾಲೀಕರ ಜೊತೆಗಿನ ಬಾಡಿಗೆ ಕರಾರಿನಲ್ಲಿ ಇದ್ದರೆ, ಸಹಿ ಹಾಕಿ ಟವರ್ ನಿಲ್ಲಿಸಿದ ದಿನವೇ ಹೊಣೆ ಹುಟ್ಟಿತು.

ಒಂದು ಕಾಲ್ಪನಿಕ ಟವರನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡಬಹುದು. ನಿಲ್ಲಿಸಲು 8 ಲಕ್ಷ ರೂಪಾಯಿ ಖರ್ಚು, ಕರಾರು 10 ವರ್ಷಕ್ಕೆ. ಮೊದಲ ಹೆಜ್ಜೆ, ಇದನ್ನು ಇವತ್ತೇ ಬಿಚ್ಚಿಸುವುದಾದರೆ ಗುತ್ತಿಗೆದಾರ ಎಷ್ಟು ಕೇಳುತ್ತಾನೆ ಎಂದು ತಿಳಿಯುವುದು. ಆಂಟೆನಾ, ಕೇಬಲ್ ಇಳಿಸಬೇಕು. ಕಬ್ಬಿಣವನ್ನು ಗ್ಯಾಸ್ ಕಟ್ಟರಿನಿಂದ ತುಂಡರಿಸಿ ಹಗ್ಗ ಕಟ್ಟಿ ಕೆಳಗಿಳಿಸಬೇಕು. ಬ್ಯಾಟರಿ, ಜನರೇಟರ್ ಸಾಗಿಸಬೇಕು. ಕಾಂಕ್ರೀಟ್ ದಿಮ್ಮಿ ಒಡೆದು, ಆ ಜಾಗದಲ್ಲಿ ಮಳೆನೀರು ಸೋರದಂತೆ ವಾಟರ್‌ಪ್ರೂಫಿಂಗ್ ಮಾಡಿಕೊಡಬೇಕು. ಇದಕ್ಕೆಲ್ಲ ಇಂದಿನ ದರದಲ್ಲಿ 1 ಲಕ್ಷ ಎಂದುಕೊಳ್ಳೋಣ. ಕಬ್ಬಿಣ ಗುಜರಿಗೆ ಹೋಗಿ ಹಣ ಬರುತ್ತದಲ್ಲ ಎಂದು ಅದನ್ನು ಇಲ್ಲಿ ಕಳೆಯುವಂತಿಲ್ಲ. ಗುಜರಿ ಬೆಲೆ ಸವಕಳಿ ಲೆಕ್ಕ ಹಾಕುವಾಗ ಆಸ್ತಿಯ ಉಳಿಕೆ ಮೌಲ್ಯವಾಗಿ ಬರುತ್ತದೆ. ಹೊಣೆಯ ಲೆಕ್ಕದಲ್ಲಿ ಕೈಯಿಂದ ಹೋಗುವ ಹಣಕ್ಕೆ ಮಾತ್ರ ಜಾಗ.

ಕೆಲಸ ನಡೆಯುವುದು ಹತ್ತು ವರ್ಷದ ನಂತರ. ಕೂಲಿ, ಸಾಗಾಣಿಕೆ ವರ್ಷಕ್ಕೆ ಶೇ. 5ರಂತೆ ಏರಿದರೆ ಆಗ ಬಿಲ್ಲು 1,62,889 ರೂಪಾಯಿ ಆಗುತ್ತದೆ. ಹಾಗೆಂದು ಇಷ್ಟನ್ನೂ ಇವತ್ತು ಸಾಲವೆಂದು ಬರೆದರೆ ಹೊಣೆಯನ್ನು ಹೆಚ್ಚಿಸಿ ತೋರಿಸಿದಂತೆ. ಹತ್ತು ವರ್ಷದ ನಂತರ ಕೊಡಬೇಕಾದ ರೂಪಾಯಿ ಇವತ್ತಿನ ರೂಪಾಯಿಗಿಂತ ಹಗುರ. ಬಡ್ಡಿ ದರ ಶೇ. 8 ಎಂದಿಟ್ಟುಕೊಂಡು ಹತ್ತು ವರ್ಷ ಹಿಂದಕ್ಕೆ ಎಳೆದರೆ ಸಿಗುವ ಮೊತ್ತ 75,449 ರೂಪಾಯಿ. ಇದೇ ಇಂದಿನ ಮೌಲ್ಯ. ಬ್ಯಾಂಕಿನಲ್ಲಿ ಇಷ್ಟನ್ನು ಶೇ. 8ರ ಠೇವಣಿ ಇಟ್ಟರೆ ಹತ್ತು ವರ್ಷಕ್ಕೆ ಸರಿಯಾಗಿ 1,62,889 ಆಗುತ್ತದೆ.

ಈಗ ಪುಸ್ತಕದಲ್ಲಿ ಬರೆಯುವುದು ಹೇಗೆ? ಮೊದಲ ದಿನ 75,449 ಎರಡು ಕಡೆ ಕೂರುತ್ತದೆ. ಒಂದು ಕಡೆ ಹೊಣೆ. ಇನ್ನೊಂದು ಕಡೆ ಟವರಿನ ಬೆಲೆಗೆ ಸೇರ್ಪಡೆ. ಹೀಗಾಗಿ 8 ಲಕ್ಷದ ಟವರ್ ಲೆಕ್ಕದಲ್ಲಿ 8,75,449 ರೂಪಾಯಿ ಆಗುತ್ತದೆ. ಕೆಡವುವ ಖರ್ಚನ್ನು ಆಸ್ತಿಗೆ ಸೇರಿಸುವುದು ಮೊದಲ ಸಲ ಕೇಳಿದವರಿಗೆ ವಿಚಿತ್ರ ಎನಿಸುತ್ತದೆ. ಆದರೆ ಬಿಚ್ಚಿಕೊಡುತ್ತೇವೆ ಎಂದು ಒಪ್ಪದಿದ್ದರೆ ಆ ತಾರಸಿಯೇ ಸಿಗುತ್ತಿರಲಿಲ್ಲ. ಆ ಮಾತು ಕೂಡ ಟವರ್ ನಿಲ್ಲಿಸಲು ತೆತ್ತ ಬೆಲೆಯ ಭಾಗವೇ.

ಅಲ್ಲಿಂದ ಮುಂದೆ ಎರಡೂ ಕಡೆಯ ದಾರಿ ಬೇರೆ ಬೇರೆ. ಆಸ್ತಿಗೆ ಸೇರಿದ 75,449 ಹತ್ತು ವರ್ಷ ಸಮನಾಗಿ ಕರಗುತ್ತದೆ, ವರ್ಷಕ್ಕೆ 7,545 ರೂಪಾಯಿ ಸವಕಳಿ. ಹೊಣೆಯಾದರೋ ಬೆಳೆಯುತ್ತ ಹೋಗುತ್ತದೆ. ಮೊದಲ ವರ್ಷ 75,449ರ ಶೇ. 8, ಅಂದರೆ 6,036 ರೂಪಾಯಿ ಸೇರಿ 81,485 ಆಗುತ್ತದೆ. ಎರಡನೇ ವರ್ಷ ಅದರ ಮೇಲೆ ಮತ್ತೆ ಶೇ. 8, ಅಂದರೆ 6,519. ಹೀಗೆ ವರ್ಷ ವರ್ಷ ಸೇರುವ ಮೊತ್ತವೇ ಅಕ್ರೀಶನ್ ವೆಚ್ಚ. ಕೊನೆಯ ವರ್ಷ ಅದು 12,066ಕ್ಕೆ ಮುಟ್ಟುತ್ತದೆ. ಸವಕಳಿ ಮತ್ತು ಅಕ್ರೀಶನ್ ಎರಡೂ ಸೇರಿ ಮೊದಲ ವರ್ಷ ಲಾಭದಿಂದ 13,581 ಕಳೆದರೆ ಹತ್ತನೇ ವರ್ಷ 19,611 ಕಳೆಯುತ್ತದೆ. ಹತ್ತು ವರ್ಷದ ಸವಕಳಿ 75,449, ಹತ್ತು ವರ್ಷದ ಅಕ್ರೀಶನ್ 87,440. ಎರಡನ್ನೂ ಕೂಡಿಸಿದರೆ 1,62,889. ಗುತ್ತಿಗೆದಾರ ಬಿಲ್ಲು ತರುವ ಹೊತ್ತಿಗೆ ಅಷ್ಟೂ ಖರ್ಚಾಗಿ ಲೆಕ್ಕಕ್ಕೆ ಬಂದಿರುತ್ತದೆ, ಹೊಣೆಯೂ ಅಷ್ಟೇ ಮೊತ್ತಕ್ಕೆ ಬಂದು ನಿಂತಿರುತ್ತದೆ.

ಅಕ್ರೀಶನ್ ನೋಡಲು ಬಡ್ಡಿಯಂತೆಯೇ ಇದ್ದರೂ ಅಮೆರಿಕದಲ್ಲಿ ಅದನ್ನು ಬಡ್ಡಿ ಎಂದು ಬರೆಯುವಂತಿಲ್ಲ. ಅದು ದಿನನಿತ್ಯದ ವ್ಯವಹಾರದ ಖರ್ಚಿನ ಸಾಲಿಗೆ ಹೋಗುತ್ತದೆ. ಭಾರತದಲ್ಲಿ ಅದರ ಜಾಗ ಹಣಕಾಸು ವೆಚ್ಚದಲ್ಲಿ. ಎರಡು ದೇಶದ ಕಂಪನಿಗಳ ಕಾರ್ಯಾಚರಣೆಯ ಲಾಭವನ್ನು ಪಕ್ಕಪಕ್ಕ ಇಟ್ಟು ನೋಡುವವರು ಇದನ್ನು ಗಮನಿಸದಿದ್ದರೆ ಹೋಲಿಕೆಯೇ ತಪ್ಪುತ್ತದೆ.

ಹತ್ತು ವರ್ಷ ಅಂದಾಜು ಹಾಗೇ ನಿಲ್ಲುವುದು ಅಪರೂಪ. ಐದನೇ ವರ್ಷದ ಕೊನೆಗೆ ಹೊಣೆ ಸುಮಾರು 1,10,860ಕ್ಕೆ ಬಂದಿದೆ. ಆಗ ವಿಚಾರಿಸಿದರೆ, ಇನ್ನೈದು ವರ್ಷದಲ್ಲಿ ಬಿಚ್ಚುವ ಖರ್ಚು 2 ಲಕ್ಷ ಆಗುವಂತಿದೆ. ಅದೇ ಶೇ. 8ರಲ್ಲಿ ಅದರ ಮೌಲ್ಯ 1,36,117. ಹೆಚ್ಚಾದ 25,257 ರೂಪಾಯಿಯನ್ನು ಆ ವರ್ಷದ ನಷ್ಟವೆಂದು ಬರೆಯುವುದಿಲ್ಲ. ಮತ್ತೆ ಹೊಣೆಗೂ ಆಸ್ತಿಗೂ ಸೇರಿಸಿ ಉಳಿದ ಐದು ವರ್ಷಕ್ಕೆ ಹಂಚುತ್ತಾರೆ. ಸವಕಳಿ ವರ್ಷಕ್ಕೆ ಸುಮಾರು 5,050 ಏರುತ್ತದೆ. ಕೊನೆಗೆ ನಿಜವಾದ ಬಿಲ್ಲು 2,10,000 ಬಂದರೆ ಮಿಕ್ಕ 10,000 ಮಾತ್ರ ಆ ವರ್ಷದ ಲಾಭ-ನಷ್ಟಕ್ಕೆ ಹೋಗುತ್ತದೆ.

ಬಡ್ಡಿ ದರ ಬದಲಾದರೆ ಎರಡು ಪದ್ಧತಿಗಳ ದಾರಿ ಮತ್ತೆ ಕವಲೊಡೆಯುತ್ತದೆ. ಅಮೆರಿಕದಲ್ಲಿ ಹಳೆಯ ಹೊಣೆ ಹುಟ್ಟಿದ ದಿನದ ದರದಲ್ಲೇ ಮುಂದುವರಿಯುತ್ತದೆ, ಹೊಸದಾಗಿ ಹೆಚ್ಚಾದ ಭಾಗಕ್ಕೆ ಮಾತ್ರ ಆ ದಿನದ ದರ. ಭಾರತದಲ್ಲಿ ಇಡೀ ಹೊಣೆಯನ್ನು ಹೊಸ ದರದಲ್ಲಿ ಮತ್ತೆ ಅಳೆಯುತ್ತಾರೆ.

ಇಡೀ ವ್ಯವಸ್ಥೆಯ ಸೂಕ್ಷ್ಮ ಜಾಗ ಈ ದರವೇ. ನಮ್ಮ ಟವರಿಗೆ ಶೇ. 8ರ ಬದಲು 10 ಹಿಡಿದರೆ ಹೊಣೆ 62,801ಕ್ಕೆ ಇಳಿಯುತ್ತದೆ, 6 ಹಿಡಿದರೆ 90,957ಕ್ಕೆ ಏರುತ್ತದೆ. ಹತ್ತು ವರ್ಷಕ್ಕೇ ಇಷ್ಟು ವ್ಯತ್ಯಾಸ. ಅರವತ್ತು ವರ್ಷದ ಅಣು ಸ್ಥಾವರಕ್ಕೆ ಇದೇ ಲೆಕ್ಕ ಹಾಕಿದರೆ, ಕೊನೆಗೆ ಬೇಕಾಗುವ ಪ್ರತಿ 100 ಕೋಟಿ ಶೇ. 3ರ ದರದಲ್ಲಿ ಇವತ್ತು ಸುಮಾರು 17 ಕೋಟಿಯಾಗಿ ಕಾಣುತ್ತದೆ, ಶೇ. 5ರಲ್ಲಿ ಬರೀ 5.35 ಕೋಟಿ. ಅಮೆರಿಕದ ನಿಯಮದಲ್ಲಿ ದರಕ್ಕೆ ಕಂಪನಿಯ ಸಾಲದ ಯೋಗ್ಯತೆಯೂ ಸೇರುತ್ತದೆ. ಅಂದರೆ ಸಾಲ ತೀರಿಸುವ ಶಕ್ತಿ ಕಡಿಮೆ ಇರುವ ಕಂಪನಿಗೆ ಬಡ್ಡಿ ದರ ಹೆಚ್ಚು. ದರ ಹೆಚ್ಚಾದಷ್ಟೂ ಅದರ ಹೊಣೆ ಪುಸ್ತಕದಲ್ಲಿ ಚಿಕ್ಕದಾಗಿ ಕಾಣುತ್ತದೆ. ಈ ನಿಯಮದ ದೊಡ್ಡ ದೌರ್ಬಲ್ಯ ಇದೇ.

ಷೇರು ಕೊಂಡ ಸಾಮಾನ್ಯ ಓದುಗರೂ ಇದನ್ನು ಪರೀಕ್ಷಿಸಬಹುದು. ವರದಿಯ ಟಿಪ್ಪಣಿಗಳಲ್ಲಿ ಈ ಹೊಣೆಯ ಒಂದು ಕೋಷ್ಟಕ ಇರುತ್ತದೆ: ವರ್ಷಾರಂಭದ ಮೊತ್ತ, ಹೊಸ ಸೇರ್ಪಡೆ, ಅಕ್ರೀಶನ್, ಅಂದಾಜಿನ ತಿದ್ದುಪಡಿ, ತೀರಿಸಿದ್ದು, ವರ್ಷಾಂತ್ಯದ ಮೊತ್ತ. ಅಕ್ರೀಶನ್ನನ್ನು ವರ್ಷಾರಂಭದ ಮೊತ್ತದಿಂದ ಭಾಗಿಸಿದರೆ ಕಂಪನಿ ಬಳಸಿದ ದರ ಹೆಚ್ಚುಕಮ್ಮಿ ಸಿಕ್ಕಿಬಿಡುತ್ತದೆ. ಹೊಸ ಟವರುಗಳು ನೂರಾರು ನಿಂತ ವರ್ಷದಲ್ಲೂ ಸೇರ್ಪಡೆ ಸಾಲು ಖಾಲಿ ಇದ್ದರೆ, ಬಿಚ್ಚಿದಾಗೆಲ್ಲ ನಷ್ಟವೇ ಬರುತ್ತಿದ್ದರೆ, ಅಂದಾಜು ಕಡಿಮೆಯಾಗಿದೆ ಎಂದೇ ಅನುಮಾನಿಸಬೇಕು. ಆಸ್ತಿಯ ಆಯುಷ್ಯವನ್ನು ಸದ್ದಿಲ್ಲದೆ ಐದು ವರ್ಷ ಹೆಚ್ಚಿಸಿದ್ದರೆ ಹೊಣೆಯೂ ಇಳಿಯುತ್ತದೆ, ಸವಕಳಿಯೂ ಇಳಿಯುತ್ತದೆ. ಆಡಿಟರುಗಳು ಮೊದಲು ಕೆದಕಿ ನೋಡುವ ಜಾಗ ಅದು.

ಆದರೆ ಲೆಕ್ಕ ಎಷ್ಟೇ ಸರಿಯಾಗಿದ್ದರೂ, ಹೊಣೆ ಬರೆದ ಮಾತ್ರಕ್ಕೆ ಹಣ ಎತ್ತಿಟ್ಟಂತಲ್ಲ. ಮೇಲೆ ಹೇಳಿದ ಬ್ಯಾಂಕ್ ಠೇವಣಿ ಎಲ್ಲೂ ಇರುವುದಿಲ್ಲ. ಇದರ ಕಹಿ ಮೆಕ್ಸಿಕೊ ಕೊಲ್ಲಿಯಲ್ಲಿ ಕಂಡಿತು. ಅಪಾಚೆ ಎಂಬ ತೈಲ ಕಂಪನಿ ಅಲ್ಲಿನ ಕಡಿಮೆ ಆಳದ ಸಮುದ್ರದ ತೈಲಬಾವಿಗಳನ್ನು 2013ರಲ್ಲಿ ಫೀಲ್ಡ್‌ವುಡ್ ಎನರ್ಜಿಗೆ ಮಾರಿತು. ಬಾವಿಗಳನ್ನು ಸಿಮೆಂಟಿನಿಂದ ಮುಚ್ಚಿ ಉಕ್ಕಿನ ಅಟ್ಟಣಿಗೆಗಳನ್ನು ಕಳಚುವ ಹೊಣೆಯೂ ಕೈ ಬದಲಾಯಿತು. ಫೀಲ್ಡ್‌ವುಡ್ 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು. ಅಮೆರಿಕದ ಕಾನೂನಿನಲ್ಲಿ ಈಗಿನ ಮಾಲೀಕನ ಕೈಲಾಗದಿದ್ದರೆ ಹಳೆಯ ಮಾಲೀಕ ಆ ಕೆಲಸ ಮಾಡಿಕೊಡಬೇಕು. ಮಾರಿ ಎಂಟು ವರ್ಷವಾದ ಮೇಲೆ, 2021ರಲ್ಲಿ, ಅಪಾಚೆ ನೂರು ಕೋಟಿ ಡಾಲರಿಗೂ ಹೆಚ್ಚಿನ ಹೊಣೆಯನ್ನು ತನ್ನ ಪುಸ್ತಕದಲ್ಲಿ ಮತ್ತೆ ಬರೆದುಕೊಂಡಿತು. ಮೀಸಲಿಟ್ಟಿದ್ದ ಭದ್ರತಾ ಹಣದಿಂದ ಬರಬಹುದಾದದ್ದನ್ನು ಕಳೆದ ಮೇಲೂ ಆ ವರ್ಷ ಅದಕ್ಕೆ 44.6 ಕೋಟಿ ಡಾಲರ್ ನಷ್ಟವಾಯಿತು.

ಅಣು ಸ್ಥಾವರಗಳ ವಿಷಯದಲ್ಲಿ ಈ ಕಾರಣಕ್ಕೇ ಲೆಕ್ಕದ ಜೊತೆ ನಿಧಿಯನ್ನೂ ಕಟ್ಟುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಪ್ರತ್ಯೇಕ ಟ್ರಸ್ಟ್‌ಗಳಿವೆ. ಭಾರತದಲ್ಲಿ ಅಣು ವಿದ್ಯುತ್ತಿನ ಪ್ರತಿ ಯೂನಿಟ್ ಮೇಲೆ 2 ಪೈಸೆ ವಿಸರ್ಜನಾ ಶುಲ್ಕವಿದೆ. ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅಲ್ಲಿಂದ ಕರೆಂಟು ಪಡೆಯುವ ರಾಜ್ಯಗಳ ವಿದ್ಯುತ್ ಬಿಲ್ಲಿನೊಳಗೆ ಈ 2 ಪೈಸೆಯೂ ಸೇರಿರುತ್ತದೆ.