ಒಂದು ಸಂಬಳದ ಪಟ್ಟಿ, ಹನ್ನೊಂದು ನಕಲು

ಮೇ ತಿಂಗಳು ಬಂತೆಂದರೆ ಆಡಿಟರ್ ಆಫೀಸುಗಳಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ಸಂಬಳದ ಟಿಡಿಎಸ್ ರಿಟರ್ನಿಗೆ ತಿಂಗಳ ಕೊನೆಯೇ ಗಡುವು. ಕ್ಲೈಂಟ್ ಕಂಪನಿಗಳಿಂದ ಬರುವ ಸಂಬಳದ ರಿಜಿಸ್ಟರುಗಳು ಮೊದಲು ಕೈಗೆ ಸಿಗುವುದು ಆರ್ಟಿಕಲ್‌ಗಳಿಗೆ, ಅಂದರೆ ಸಿಎ ಓದುತ್ತ ಎರಡು ವರ್ಷದ ತರಬೇತಿಗೆ ಸೇರಿದ ಹುಡುಗ ಹುಡುಗಿಯರಿಗೆ. ವಯಸ್ಸು ಇಪ್ಪತ್ತರ ಆಸುಪಾಸು. ಒಂದು ಕಂಪನಿಯ ನೂರಾರು ನೌಕರರ ಹೆಸರು, ಪ್ಯಾನ್, ಬ್ಯಾಂಕ್ ಖಾತೆ, ಸಂಬಳ, ಸಾಲದ ಕಂತು ಎಲ್ಲವೂ ಒಂದೇ ಎಕ್ಸೆಲ್ ಫೈಲಿನಲ್ಲಿ ಅವರ ಮುಂದೆ ಬಿಚ್ಚಿಕೊಂಡಿರುತ್ತದೆ. ಆ ಕಂಪನಿಯೊಳಗೆ ಅಷ್ಟನ್ನೂ ಒಟ್ಟಿಗೆ ನೋಡಬಲ್ಲವರು ಮೂರು ನಾಲ್ಕು ಜನ ಇದ್ದರೆ ಹೆಚ್ಚು.

ಗೋಪ್ಯತೆ ಎಂದಕೂಡಲೇ ಬಾಯಿ ಬಿಗಿಹಿಡಿಯುವುದು ಎಂದುಕೊಳ್ಳುತ್ತೇವೆ. ಆದರೆ ಇಂಥ ಆಫೀಸುಗಳಲ್ಲಿ ಮಾತಿಗಿಂತ ಹೆಚ್ಚು ಸೋರುವುದು ನಕಲುಗಳಿಂದ. ಫೈಲ್ ಎಷ್ಟು ಕಡೆ ಇದೆ ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಲೆಕ್ಕ ಹಾಕಿಯೇ ನೋಡಬಹುದು. ಪೀಣ್ಯದ ಒಂದು ಕಾರ್ಖಾನೆ, 140 ನೌಕರರು ಎಂದಿಟ್ಟುಕೊಳ್ಳಿ. ಕಾರ್ಖಾನೆಯ ಅಕೌಂಟೆಂಟ್ ರಿಜಿಸ್ಟರನ್ನು ಆರ್ಟಿಕಲ್‌ ಹುಡುಗಿಯ ಸ್ವಂತ ಜಿಮೇಲಿಗೆ ಕಳಿಸುತ್ತಾರೆ. ಆಫೀಸಿನ ಮೇಲ್ ನಿಧಾನ ಎನ್ನುವುದು ಕಾರಣ. ಅವರ ಸೆಂಟ್ ಫೋಲ್ಡರಿನಲ್ಲಿ ಒಂದು, ಇವಳ ಇನ್‌ಬಾಕ್ಸಿನಲ್ಲಿ ಒಂದು, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಂದು. ಅಲ್ಲಿಂದ ಆಫೀಸಿನ ಸರ್ವರಿಗೆ ಒಂದು, ರಾತ್ರಿ ಮನೆಯಲ್ಲಿ ಮುಗಿಸೋಣವೆಂದು ಪೆನ್ ಡ್ರೈವಿಗೆ ಒಂದು, ಮನೆಯ ಲ್ಯಾಪ್‌ಟಾಪಿಗೆ ಒಂದು. ಒಬ್ಬ ನೌಕರನ ಪ್ಯಾನ್ ಯಾಕೋ ತಾಳೆಯಾಗುತ್ತಿಲ್ಲ. ಪರದೆಯ ಫೋಟೋ ತೆಗೆದು ಐದು ಜನರ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾಳೆ. ಐದೂ ಫೋನಿಗೆ ಆ ಸಾಲುಗಳ ಚಿತ್ರ ಹೋಯಿತು. ಇಡೀ ಫೈಲಿನ ನಕಲು ಆರು, ಚಿತ್ರದ ನಕಲು ಐದು. ಗ್ಯಾಲರಿಯ ಬ್ಯಾಕಪ್ ಚಾಲೂ ಇರುವ ಫೋನುಗಳಿಂದ ಚಿತ್ರ ಕ್ಲೌಡಿಗೂ ಏರಿರುತ್ತದೆ, ಅದು ಈ ಲೆಕ್ಕಕ್ಕೇ ಬಂದಿಲ್ಲ. ಇದರಲ್ಲಿ ಯಾರೂ ಯಾರಿಗೂ ಗುಟ್ಟು ಹೇಳಿಲ್ಲ. ಎಲ್ಲರೂ ಕೆಲಸ ಮಾಡುತ್ತಿದ್ದರು, ಅಷ್ಟೆ.

ಒಳ್ಳೆಯ ಆಫೀಸುಗಳಲ್ಲಿ ಈ ದಾರಿಯನ್ನು ಮೊದಲ ಹೆಜ್ಜೆಯಲ್ಲೇ ಕಡಿದುಹಾಕುತ್ತಾರೆ. ಕ್ಲೈಂಟಿಗೆ ಬರೆಯುವಾಗಲೇ ಬೇಕಾದ ಕಾಲಮ್ಮುಗಳನ್ನು ಹೆಸರಿಸಿ ಕೇಳುತ್ತಾರೆ. ಟಿಡಿಎಸ್ ಲೆಕ್ಕಕ್ಕೆ ಬ್ಯಾಂಕ್ ಖಾತೆಯ ಸಂಖ್ಯೆ ಬೇಡ, ಮೊಬೈಲ್ ನಂಬರೂ ಬೇಡ. ಆಧಾರ್ ಪ್ರತಿ ಬೇಕೇ ಆದಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತದೆಯೇ ಎಂದು ನೋಡುತ್ತಾರೆ. ಬಂದದ್ದು ಆಫೀಸಿನ ಮೇಲಿಗೇ ಬರಬೇಕು, ಆ ಕ್ಲೈಂಟಿನ ಫೋಲ್ಡರಿನಲ್ಲೇ ಕೂರಬೇಕು, ಆ ಕೆಲಸಕ್ಕೆ ನೇಮಕವಾದವರಿಗೆ ಮಾತ್ರ ಅದು ತೆರೆಯಬೇಕು. ಪಕ್ಕದ ಟೇಬಲ್ಲಿನ ಆರ್ಟಿಕಲ್ ಎಷ್ಟೇ ಆಪ್ತನಾದರೂ ಆ ಕ್ಲೈಂಟಿನ ಮಟ್ಟಿಗೆ ಹೊರಗಿನವನೇ. ಹೊಸಬರಿಗೆ ಇದು ಅತಿಯೆನಿಸುತ್ತದೆ. ಆದರೆ ಆ ಗೆಳೆಯನ ಅಣ್ಣ ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರಬಹುದು. ಬೆಂಗಳೂರಿನಲ್ಲಿ ಇದೇನೂ ದೂರದ ಮಾತಲ್ಲ.

ಪಾಸ್‌ವರ್ಡ್ ಹಾಕಿದ್ದೇವಲ್ಲ ಎಂಬ ಸಮಾಧಾನವೂ ಕೆಲವು ಸಲ ಸುಳ್ಳು. ಆದಾಯ ತೆರಿಗೆ ಪೋರ್ಟಲಿನಿಂದ ಇಳಿಸಿಕೊಳ್ಳುವ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಒಬ್ಬ ವ್ಯಕ್ತಿಯ ಬಡ್ಡಿ, ಷೇರು ವ್ಯವಹಾರ, ಆಸ್ತಿ ಖರೀದಿ ಎಲ್ಲ ಇರುತ್ತದೆ. ಆ ಪಿಡಿಎಫ್‌ನ ಪಾಸ್‌ವರ್ಡ್ ಹೇಗಿರುತ್ತದೆ ಎಂಬುದು ಊರಿಗೇ ಗೊತ್ತು: ಸಣ್ಣ ಅಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿದಂತೆ ಹುಟ್ಟಿದ ದಿನಾಂಕ. ಪ್ಯಾನ್ ಎಬಿಸಿಡಿಇ1234ಎಫ್, ಹುಟ್ಟಿದ್ದು 1990ರ ಆಗಸ್ಟ್ 5 ಎಂದಾದರೆ `abcde1234f05081990`. ಇನ್ನು ಮೇಲಿನ ವಿಷಯದ ಸಾಲಿನಲ್ಲಿ ಪ್ಯಾನ್ ಬರೆದು, ಹುಟ್ಟಿದ ದಿನಾಂಕವಿರುವ ಪ್ಯಾನ್ ಕಾರ್ಡಿನ ಪ್ರತಿಯನ್ನೂ ಅದೇ ಮೇಲಿಗೆ ಲಗತ್ತಿಸಿದರೆ ಬೀಗದ ಜೊತೆ ಕೀಲಿಕೈಯನ್ನೂ ಕಳಿಸಿದ ಹಾಗಾಯಿತು. ಹೊಸ ಪಾಸ್‌ವರ್ಡ್ ಹಾಕಿ, ಅದನ್ನು ಫೋನಿನಲ್ಲಿ ಹೇಳುವುದು ರೂಢಿಯಾಗಬೇಕು.

ಎಕ್ಸೆಲ್‌ನದು ಇನ್ನೊಂದು ಕಥೆ. ಪರದೆಯ ಮೇಲೆ ಕಾಣುವುದಕ್ಕಿಂತ ಹೆಚ್ಚಿನದು ಫೈಲಿನ ಹೊಟ್ಟೆಯಲ್ಲಿರುತ್ತದೆ. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಎಕ್ಸೆಲ್ ಫೈಲನ್ನು ಪ್ರಕಟಿಸಿತು. ಅರ್ಜಿದಾರ ಕೇಳಿದ್ದು ಯಾವ ದರ್ಜೆಯಲ್ಲಿ ಎಷ್ಟು ಜನ ಎಂಬ ಅಂಕಿ ಅಂಶ. ಆ ಅಂಕಿಗಳನ್ನು ತೆಗೆದ ಮೂಲ ಹಾಳೆ ಮರೆಯಾಗಿತ್ತೇ ಹೊರತು ಅಳಿದಿರಲಿಲ್ಲ. ಅದರಲ್ಲಿ 9,483 ಸಿಬ್ಬಂದಿಯ ಉಪನಾಮ, ಮೊದಲಕ್ಷರ, ದರ್ಜೆ, ಕೆಲಸದ ಜಾಗ ಇದ್ದವು. ತಾನು ಪೊಲೀಸ್ ಎಂಬುದನ್ನು ನೆಂಟರಿಗೂ ಹೇಳದೆ ಬದುಕುವವರಿರುವ ನಾಡು ಅದು. ಫೈಲು ಕೆಲವೇ ಗಂಟೆ ಅಂತರ್ಜಾಲದಲ್ಲಿತ್ತು, ಅಷ್ಟರಲ್ಲೇ ಕೈ ತಪ್ಪಿತ್ತು. ಮರುವರ್ಷ ಬ್ರಿಟನ್ನಿನ ಮಾಹಿತಿ ಆಯುಕ್ತರು ಇಲಾಖೆಗೆ 7.5 ಲಕ್ಷ ಪೌಂಡ್ ದಂಡ ಹಾಕಿದರು.

ನಮ್ಮ ಪೀಣ್ಯದ ಫೈಲಿನಲ್ಲೂ ಇದೇ ಆಗಬಹುದು. ವಿಭಾಗವಾರು ಸಂಬಳದ ಮೊತ್ತ ತೋರಿಸುವ ಪಿವಟ್ ಟೇಬಲ್ ಮಾಡಿ, ಮೂಲ ಹಾಳೆಯನ್ನು ಡಿಲೀಟ್ ಮಾಡಿ, ಸಾರಾಂಶವನ್ನಷ್ಟೇ ಕಾರ್ಖಾನೆಯ ಮ್ಯಾನೇಜರಿಗೆ ಕಳಿಸಿದ್ದೇನೆ ಎಂದು ಆರ್ಟಿಕಲ್ ನಂಬಿರುತ್ತಾಳೆ. ಮ್ಯಾನೇಜರ್ ಒಂದು ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಾರೆ. ಹೊಸ ಹಾಳೆ ತೆರೆದು ಆ ವಿಭಾಗದ ಪ್ರತಿಯೊಬ್ಬನ ಸಾಲೂ ಬಂದು ನಿಲ್ಲುತ್ತದೆ. ಪಿವಟ್ ಟೇಬಲ್ ಮೂಲ ದತ್ತಾಂಶದ ಒಂದು ಪ್ರತಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಹಾಳೆ ಅಳಿಸಿದರೂ ಅದು ಹೋಗುವುದಿಲ್ಲ. ಫಿಲ್ಟರ್ ಹಾಕಿ ಮುಚ್ಚಿದ ಸಾಲುಗಳೂ ಹಾಗೆಯೇ, ತೆಗೆದರೆ ಕಾಣುತ್ತವೆ. ಕಳಿಸಬೇಕಾದ ಅಂಕಿಗಳನ್ನು ಕಾಪಿ ಮಾಡಿ, ಹೊಸದಾಗಿ ತೆರೆದ ಖಾಲಿ ಫೈಲಿಗೆ `Paste Special > Values` ಮೂಲಕ ಅಂಟಿಸುವುದು ಸುಲಭದ ದಾರಿ. ಕಳಿಸುವ ಮುನ್ನ ಅದನ್ನು ಒಮ್ಮೆ ತೆರೆದು, ಕೆಳಗಿನ ಹಾಳೆಯ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿದಾಗ `Unhide` ಮಸುಕಾಗಿದ್ದರೆ ಸಾಮಾನ್ಯವಾಗಿ ಮರೆಯ ಹಾಳೆ ಇಲ್ಲವೆಂದರ್ಥ.

ಕೆಲಸ ಮುಗಿದ ಮೇಲೆ ಏನನ್ನು ಇಡಬೇಕು, ಏನನ್ನು ಅಳಿಸಬೇಕು ಎಂಬಲ್ಲಿ ಹಲವರು ಎಡವುತ್ತಾರೆ. ಆಡಿಟ್ ಕಡತಗಳನ್ನು ಸಾಮಾನ್ಯವಾಗಿ ವರದಿಯ ದಿನದಿಂದ ಕನಿಷ್ಠ 7 ವರ್ಷ ಕಾಪಾಡಬೇಕೆಂದು ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಗುಣಮಟ್ಟದ ಮಾನದಂಡ ಹೇಳುತ್ತದೆ. ಆದ್ದರಿಂದ ಗೋಪ್ಯತೆಯ ಉತ್ಸಾಹದಲ್ಲಿ ಆಫೀಸಿನ ಕಡತಕ್ಕೆ ಕೈ ಹಾಕುವ ಹಾಗಿಲ್ಲ. ಅಳಿಸಬೇಕಾದದ್ದು ಅಡ್ಡದಾರಿಯ ನಕಲುಗಳನ್ನು: ಡೌನ್‌ಲೋಡ್ಸ್, ರೀಸೈಕಲ್ ಬಿನ್, ಪೆನ್ ಡ್ರೈವ್, ಫೋನಿನ ಗ್ಯಾಲರಿ. ಒಂದೇ ಫೈಲಿನ ವಿಷಯದಲ್ಲಿ ಎರಡು ತದ್ವಿರುದ್ಧ ಕರ್ತವ್ಯ.

ಇನ್ನು ಡ್ರಾಯರಿನೊಳಗಿನ ಡಬ್ಬಿ. ಎಷ್ಟೋ ಆಫೀಸುಗಳಲ್ಲಿ ಕ್ಲೈಂಟ್ ಕಂಪನಿಗಳ ನಿರ್ದೇಶಕರ ಡಿಎಸ್‌ಸಿ ಟೋಕನ್‌ಗಳು, ಅಂದರೆ ಅವರ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿಗಳು, ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ. ಪಿನ್ ಅನ್ನು ಸ್ಟಿಕ್ಕರಿನಲ್ಲಿ ಬರೆದು ಅದಕ್ಕೇ ಅಂಟಿಸಿರುತ್ತಾರೆ. ಕೊನೆಯ ದಿನದ ರಾತ್ರಿ ನಿರ್ದೇಶಕರು ಫೋನ್ ಎತ್ತುತ್ತಿಲ್ಲ, "ಹಾಕಿಬಿಡಮ್ಮ, ಸಾರ್‌ಗೆ ಬೆಳಿಗ್ಗೆ ಹೇಳಿದರಾಯಿತು" ಎನ್ನುತ್ತಾರೆ ಸೀನಿಯರ್. ಈ ಮಾತಿಗೆ ಆರ್ಟಿಕಲ್ ತಲೆಯಾಡಿಸಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಸಹಿಯ ಕೀಲಿಯ ಮೇಲಿನ ಹಿಡಿತ ಅದರ ಒಡೆಯನಲ್ಲೇ ಇರಬೇಕು. ಇನ್ನೊಬ್ಬರ ಡಿಜಿಟಲ್ ಸಹಿಯನ್ನೋ ಪಾಸ್‌ವರ್ಡನ್ನೋ ಅಪ್ರಾಮಾಣಿಕವಾಗಿ ಬಳಸಿದರೆ ಅದೇ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸವಿದೆ. ರಾತ್ರಿ ಒತ್ತಿದ್ದು ಒಪ್ಪಿಗೆಯಿಂದಲೇ ಎಂದು ನಾಳೆ ತೋರಿಸಲು ಒಂದು ಸಾಲಿನ ಮೇಲ್ ಆದರೂ ಕೈಯಲ್ಲಿರಬೇಕು. ಟೋಕನ್ ಕೊಟ್ಟು ತೆಗೆದುಕೊಂಡದ್ದಕ್ಕೆ ಒಂದು ಪುಸ್ತಕ ಇಡುವ ಆಫೀಸುಗಳೂ ಇವೆ, ಅವು ಹೆಚ್ಚಲಿ.

ಬಾಯಿಮಾತು ನಿಜಕ್ಕೂ ಅಪಾಯಕಾರಿಯಾಗುವುದು ಷೇರುಪೇಟೆಯಲ್ಲಿರುವ ಕಂಪನಿಯ ಆಡಿಟ್ ಮಾಡುವಾಗ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಒಳಮಾಹಿತಿ ಬಲ್ಲ ಗೊತ್ತಾದ ಜನರಿಗೆ ಆ ಷೇರಿನ ವಹಿವಾಟು ಸಾಮಾನ್ಯವಾಗಿ ಬಂದ್. ರಾತ್ರಿ ಊಟದ ಹೊತ್ತಿಗೆ "ಈ ಸಲ ಅವರದ್ದು ರಿಸಲ್ಟ್ ಚೆನ್ನಾಗಿಲ್ಲಪ್ಪ" ಎಂದು ಮಗ ಅಂದ, ಮರುದಿನ ಅಪ್ಪ ತಮ್ಮ ಷೇರು ಮಾರಿದರು. ಮಗನಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಆದರೂ ಸೆಬಿಯ 2015ರ ನಿಯಮಗಳ ಪ್ರಕಾರ ಪ್ರಕಟವಾಗದ, ಬೆಲೆಯ ಮೇಲೆ ಪರಿಣಾಮ ಬೀರುವ ಮಾಹಿತಿಯನ್ನು ಕಾರಣವಿಲ್ಲದೆ ದಾಟಿಸುವುದೇ ತಪ್ಪು. ವ್ಯವಹಾರ ಮಾಡಿದ್ದು ಬೇರೆ ತಪ್ಪು. ಇಂಥದ್ದಕ್ಕೆ ಸೆಬಿ ಕಾಯ್ದೆಯ ದಂಡ 10 ಲಕ್ಷ ರೂಪಾಯಿಯಿಂದಲೇ ಶುರುವಾಗುತ್ತದೆ. ಇಂಥ ಮಾಹಿತಿ ಯಾರಿಗೆ, ಯಾವಾಗ ಕೊಟ್ಟೆವು ಎಂದು ಪ್ಯಾನ್ ಸಹಿತ ಡಿಜಿಟಲ್ ದಾಖಲೆ ಇಡುವುದೂ ಈಗ ಕಡ್ಡಾಯ.

ದಾಖಲೆ ಯಾಕೆ ಬೇಕೆಂಬುದಕ್ಕೆ ವಾಟ್ಸ್ಆ್ಯಪ್ ಪ್ರಕರಣ ನೋಡಬೇಕು. ಹಲವು ದೊಡ್ಡ ಕಂಪನಿಗಳ ಫಲಿತಾಂಶದ ಅಂಕಿಗಳು ಪ್ರಕಟಣೆಗೆ ಮೊದಲೇ ಖಾಸಗಿ ಗುಂಪುಗಳಲ್ಲಿ ಓಡಾಡುತ್ತಿದ್ದವೆಂದು 2017ರಲ್ಲಿ ಸುದ್ದಿಯಾಯಿತು. ಸೆಬಿ ಫೋನುಗಳನ್ನು ವಶಕ್ಕೆ ಪಡೆದು, ಸಂದೇಶ ದಾಟಿಸಿದವರಿಗೆ ದಂಡ ಹಾಕಿತು. ಆ ಅಂಕಿ ಕಂಪನಿಯೊಳಗಿನಿಂದಲೇ ಬಂತೆಂದು ತೋರಿಸಲಾಗದ ಕಾರಣ 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶಗಳನ್ನು ರದ್ದು ಮಾಡಿತು. ದಂಡ ಉಳಿಯಲಿಲ್ಲ, ನಿಜ. ಆದರೆ ಸಂದೇಶವನ್ನು ಬರೀ ಫಾರ್ವರ್ಡ್ ಮಾಡಿದ್ದೆವು ಎನ್ನುತ್ತಿದ್ದವರು ವರ್ಷಗಟ್ಟಲೆ ವಿಚಾರಣೆಗೆ ಓಡಾಡಬೇಕಾಯಿತು.

ಹಾಗಾದರೆ ಆರ್ಟಿಕಲ್ ಏನನ್ನು ಕಂಡರೂ ಬಾಯಿ ಮುಚ್ಚಿಕೊಂಡಿರಬೇಕೇ? ಸಂಬಳದ ಪಟ್ಟಿಯಲ್ಲಿ ಇಲ್ಲದ ನೌಕರರ ಹೆಸರಿಗೆ ಹಣ ಹೋಗುತ್ತಿದೆ ಎಂಬ ಗುಮಾನಿ ಬಂದರೆ? ಆಗ ಅವನು ಹೋಗಬೇಕಾದದ್ದು ಪ್ರಿನ್ಸಿಪಾಲರ ಬಳಿ, ಬರವಣಿಗೆಯಲ್ಲಿ. ಕಂಪನಿಯ ನೌಕರರೋ ಅಧಿಕಾರಿಗಳೋ ಎಸಗಿದ 1 ಕೋಟಿ ರೂಪಾಯಿ ಅಥವಾ ಹೆಚ್ಚಿನ ವಂಚನೆಯೆಂದು ನಂಬಲು ಕಾರಣವಿದ್ದರೆ ಕೇಂದ್ರ ಸರ್ಕಾರಕ್ಕೆ ವರದಿ ಮಾಡುವ ಹೊಣೆ 2013ರ ಕಂಪನಿ ಕಾಯ್ದೆಯಡಿ ಆಡಿಟರದ್ದು. ಕಾನೂನು ಕೇಳಿದ್ದನ್ನು ಕಾನೂನು ಹೇಳಿದ ಕಡೆ ಹೇಳಿದರೆ ಅದು ಗೋಪ್ಯತೆಯ ಭಂಗವಲ್ಲ ಎಂದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯೇ ಒಪ್ಪುತ್ತದೆ. ಗೆಳೆಯರ ಗುಂಪಿನಲ್ಲಿ ಗುಸುಗುಸು ಮಾಡಿದರೆ ಮಾತ್ರ ಆ ರಕ್ಷಣೆ ಸಿಗದು.

ತಪ್ಪು ವಿಳಾಸಕ್ಕೆ ಮೇಲ್ ಹೋಗಿಬಿಟ್ಟರೂ ಹೋಗಬೇಕಾದದ್ದು ಅಲ್ಲಿಗೇ, ಅದೂ ಆ ಕ್ಷಣವೇ. ಹೆಸರಿನ ಮೊದಲ ಎರಡಕ್ಷರ ಒತ್ತಿದಾಗ ಮೇಲ್ ತಾನೇ ಸೂಚಿಸಿದ ಬೇರೊಬ್ಬ ರಮೇಶರಿಗೆ 140 ಜನರ ಪಟ್ಟಿ ಹೋಗಿದ್ದರೆ, ಹೊಸ ವೈಯಕ್ತಿಕ ದತ್ತಾಂಶ ಕಾನೂನಿನ ವ್ಯವಸ್ಥೆಯಲ್ಲಿ ಮಾಹಿತಿ ಸಂಗ್ರಹಿಸಿದ ಸಂಸ್ಥೆಯೇ ಆ ನೌಕರರಿಗೂ ದತ್ತಾಂಶ ಮಂಡಳಿಗೂ ತಿಳಿಸಬೇಕಾಗುತ್ತದೆ. ಮಂಡಳಿಗೆ ವಿವರವಾದ ವರದಿಗೆ 72 ಗಂಟೆ. ಇಲ್ಲಿ ಆ ಸಂಸ್ಥೆ ಎಂದರೆ ಕಾರ್ಖಾನೆ, ಆಡಿಟರ್ ಆಫೀಸಲ್ಲ. ಆರ್ಟಿಕಲ್ ಹೆದರಿ ಎರಡು ದಿನ ಮುಚ್ಚಿಟ್ಟರೆ ಪೆಟ್ಟು ತಿನ್ನುವುದು ಕ್ಲೈಂಟ್. ಯಾವ ಫೈಲ್, ಎಷ್ಟು ಗಂಟೆಗೆ, ಯಾರಿಗೆ, ಪಾಸ್‌ವರ್ಡ್ ಇತ್ತೇ ಎಂಬ ನಾಲ್ಕು ಸಂಗತಿ ಬರೆದು ಕೊಟ್ಟರೆ ಮುಂದಿನದನ್ನು ಪ್ರಿನ್ಸಿಪಾಲರು ನೋಡಿಕೊಳ್ಳುತ್ತಾರೆ.

ತರಬೇತಿ ಮುಗಿದು ಬೇರೆ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗಲೂ ಈ ಕಟ್ಟು ಸಡಿಲವಾಗುವುದಿಲ್ಲ. ರೆಸ್ಯೂಮೆಯಲ್ಲಿ "ವಾಹನ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಂಪನಿಯ ಶಾಸನಬದ್ಧ ಆಡಿಟ್, ದಾಸ್ತಾನು ಪರಿಶೀಲನೆ" ಎಂದು ಬರೆದರೆ ಕೆಲಸ ಗೊತ್ತಿದೆಯೆಂದು ಯಾರಿಗಾದರೂ ತಿಳಿಯುತ್ತದೆ. ಮಾದರಿ ತೋರಿಸಿ ಎಂದು ಹಳೆಯ ಕ್ಲೈಂಟಿನ ವರ್ಕಿಂಗ್ ಪೇಪರನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸುವ ಅಭ್ಯರ್ಥಿಯನ್ನು ಬುದ್ಧಿವಂತ ಆಡಿಟರ್ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ನಾಳೆ ತನ್ನ ಕ್ಲೈಂಟಿನ ಫೈಲೂ ಹೀಗೆಯೇ ಇನ್ನೊಂದು ಆಫೀಸಿನಲ್ಲಿ ತೆರೆದುಕೊಳ್ಳುತ್ತದೆಂದು ಅವರಿಗೆ ಗೊತ್ತು.