ಕಡಲಲ್ಲಿ ಸಾಲು, ಯಾರ್ಡಿನಲ್ಲಿ ಗಂಟು

2022ರ ಜನವರಿ 9ರಂದು ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಿಗಾಗಿ 109 ಕಂಟೇನರ್ ಹಡಗುಗಳು ಕಾಯುತ್ತಿದ್ದವು. ಹಡಗು ಬಂದು ನಿಲ್ಲುವ ದಕ್ಕೆಯ ಜಾಗ, ಅಂದರೆ ಬರ್ತ್, ಸಾಲದೆ ಹೀಗಾಯಿತೆಂದು ದೂರದಿಂದ ನೋಡಿದವರಿಗೆ ಅನಿಸುತ್ತದೆ. ಆದರೆ ದೊಡ್ಡ ಗಂಟು ಬಿದ್ದಿದ್ದು ದಕ್ಕೆಯ ಹಿಂದಿನ ಯಾರ್ಡಿನಲ್ಲಿ.

ಒಂದು ಯಾರ್ಡ್ 12,000 ಕಂಟೇನರ್ ಹಿಡಿಯುತ್ತದೆ, ದಿನಕ್ಕೆ 2,000 ಬಂದಿಳಿಯುತ್ತವೆ ಎಂದುಕೊಳ್ಳೋಣ. ಪ್ರತಿಯೊಂದೂ 4 ದಿನ ಇದ್ದು ಹೊರಟರೆ ಅಲ್ಲಿ ಸದಾ 8,000 ಇರುತ್ತವೆ. 6 ದಿನ ಉಳಿದರೆ 12,000 ಆಗಿ ಯಾರ್ಡ್ ಭರ್ತಿ. ಬರುವ ಹಡಗು ಒಂದೂ ಹೆಚ್ಚಿಲ್ಲ, ಗೋದಾಮಿನವರು ಸರಕು ಒಯ್ಯುವುದು ಎರಡು ದಿನ ತಡವಾಯಿತು, ಅಷ್ಟೆ. ಲಾಸ್ ಏಂಜಲೀಸಿನಲ್ಲಿ 2020ರ ಮಧ್ಯದವರೆಗೆ ಸ್ಥಳೀಯ ಸರಕು ಸರಾಸರಿ 4 ದಿನದೊಳಗೆ ಹೊರಬೀಳುತ್ತಿತ್ತು. ಆಮೇಲೆ ಆಮದು ಉಕ್ಕಿತು, ಗೋದಾಮುಗಳು ತುಂಬಿದವು, ಲಾರಿಯ ಟ್ರೇಲರುಗಳಿಗೂ ಬರ ಬಂತು.

ಯಾರ್ಡ್ ಪೂರ್ತಿ ತುಂಬುವ ಮೊದಲೇ ಕೆಲಸ ಕುಂಟುತ್ತದೆ. ನಾಲ್ಕು ಕಂಟೇನರುಗಳ ಅಟ್ಟಿಯಲ್ಲಿ ತಳದ್ದು ಬೇಕಾದರೆ ಮೇಲಿನ ಮೂರನ್ನು ಎತ್ತಿ ಬೇರೆಡೆ ಇಡಬೇಕು. ಇಡಲು ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಇನ್ನೂ ದೂರ ಒಯ್ಯಬೇಕು. ಯಾರ್ಡಿನ ಕ್ರೇನ್ ಈ ಎತ್ತಿಡುವ ಕೆಲಸದಲ್ಲಿ ಸಿಕ್ಕಿಕೊಂಡಾಗ ಹಡಗಿನಿಂದ ಕಂಟೇನರ್ ತಂದ ವಾಹನ ಅಲ್ಲೇ ನಿಲ್ಲುತ್ತದೆ. ಖಾಲಿ ವಾಹನ ಮರಳದೆ ದಕ್ಕೆಯ ಕ್ರೇನೂ ಕೈಕಟ್ಟಿ ನಿಲ್ಲುತ್ತದೆ.

ಒಂದು ಹಡಗಿನಲ್ಲಿ 2,000 ಕಂಟೇನರುಗಳ ಕೆಲಸವಿದೆ, 4 ಕ್ರೇನುಗಳಿವೆ, ಒಂದೊಂದೂ ಗಂಟೆಗೆ 25 ಎತ್ತುತ್ತದೆ ಎಂದರೆ 20 ಗಂಟೆಯಲ್ಲಿ ಹಡಗು ಬಿಡುಗಡೆ. ವೇಗ 15ಕ್ಕೆ ಇಳಿದರೆ 33 ಗಂಟೆ ದಾಟುತ್ತದೆ. ಬರ್ತ್ ಯೋಜಕರು ಅಡ್ಡಕ್ಕೆ ದಕ್ಕೆಯ ಉದ್ದವನ್ನೂ ಉದ್ದಕ್ಕೆ ಗಂಟೆಗಳನ್ನೂ ಗುರುತಿಸಿ, ಒಂದೊಂದು ಹಡಗಿಗೆ ಒಂದೊಂದು ಚೌಕ ಬರೆಯುತ್ತಾರೆ. ಒಂದು ಚೌಕ 13 ಗಂಟೆ ಬೆಳೆದರೆ ಅದೇ ಜಾಗಕ್ಕೆ ಬರಬೇಕಾದ ಹಡಗುಗಳೆಲ್ಲ ಹಿಂದಕ್ಕೆ ಸರಿಯುತ್ತವೆ. ಕ್ರೇನುಗಳ ಸಂಖ್ಯೆ ಅಷ್ಟೇ ಇದ್ದು ಗಂಟೆಯ ಎಣಿಕೆ ಕುಸಿಯುತ್ತಿದ್ದರೆ ಮೊದಲು ಯಾರ್ಡನ್ನು ನೋಡಬೇಕು.

2021ರ ಅಕ್ಟೋಬರಿನಲ್ಲಿ ಎರಡೂ ಬಂದರುಗಳು ಹೆಚ್ಚು ದಿನ ಉಳಿದ ಕಂಟೇನರಿಗೆ ದಂಡ ಘೋಷಿಸಿದವು. ವಸೂಲಿಯನ್ನು ಮತ್ತೆಮತ್ತೆ ಮುಂದೂಡಿ ಕೊನೆಗೆ ಕೈಬಿಟ್ಟರೂ, ಘೋಷಣೆಯ ನಂತರ ಹಳೆಯ ಸರಕು ಗಣನೀಯವಾಗಿ ಕರಗಿತು.

ನವೆಂಬರ್ 16ರಿಂದ ಸರದಿಯ ನಿಯಮವೂ ಬದಲಾಯಿತು. ಅದುವರೆಗೆ ಬಂದರಿನ ಹತ್ತಿರ ಬಂದ ಮೇಲಷ್ಟೇ ಸರದಿ ಸಿಗುತ್ತಿದ್ದುದರಿಂದ ಹಡಗುಗಳು ಇಂಧನ ಸುಟ್ಟು ಧಾವಿಸಿ ಬಂದು ಲಂಗರು ಹಾಕುತ್ತಿದ್ದವು. ಹೊಸ ಪದ್ಧತಿಯಲ್ಲಿ ಹಿಂದಿನ ಬಂದರನ್ನು ಬಿಟ್ಟ ಸಮಯವೇ ಸರದಿಗೆ ಆಧಾರ. ಹಡಗು ನಿಧಾನವಾಗಿ ಬರಬಹುದು, ಸುಮಾರು 150 ಮೈಲಿ ಆಚೆಯೇ ಕಾಯಬಹುದು. ದಡದ ಬಳಿಯ ಸಾಲು ಬೇಗ ಕರಗಿತು, ಕಾಯುವಿಕೆ ಕರಗಲಿಲ್ಲ. ಆ 109 ಹಡಗುಗಳಲ್ಲಿ ಹೆಚ್ಚಿನವು ದಡದಿಂದ ಕಾಣದಷ್ಟು ದೂರದಲ್ಲಿದ್ದವು.